ಕಾರ್ಡ್ ದುಡ್ಡು ಕಡಿಮೆ ಬಂತಾ? ಕ್ಯಾಷಿಯರ್ ಕಡೆ ನೋಡೋ ಮುಂಚೆ ಯಾವ ಗ್ಯಾಪು ಅಂತ ಹೇಳಿ

ಭಾಗ 1/8

ನಮ್ಮ ಕ್ಲಾಸಲ್ಲೇ ಆರೇಳು ಜನ ಸಂಜೆ ಹೊತ್ತು ಅಂಗಡಿಗಳಲ್ಲಿ ಬಿಲ್ಲಿಂಗ್ ಮಾಡ್ತೀರಿ. ಉಳಿದವರ ಮನೇಲಿ ಯಾರೋ ಒಬ್ಬರಾದ್ರೂ ಕೌಂಟರ್ ಹಿಂದೆ ನಿಲ್ಲೋರು ಇದ್ದೇ ಇರ್ತಾರೆ. ಹಾಗಾಗಿ ಈ ಎಂಟು ಪೋಸ್ಟ್ ನಿಮಗೇ. ಸ್ಕ್ರೋಲ್ ಮಾಡಿ ಹೋಗಬೇಡಿ, ಸೇವ್ ಮಾಡ್ಕೊಳ್ಳಿ.

ನಾನು ಸಂಜೆ ಲೆಕ್ಕ ಬರೆಯೋದು ಒಂದು ಬಟ್ಟೆ ಅಂಗಡಿಯಲ್ಲಿ. ಮೊನ್ನೆ ಬುಧವಾರ ಹೋದಾಗ ಕೌಂಟರ್ ಅಕ್ಕ ಅಳ್ತಾ ಕೂತಿದ್ರು. ಮಂಗಳವಾರ ಬಿಲ್ಲಿಂಗ್ ಸಾಫ್ಟ್‌ವೇರ್ ತೋರಿಸಿದ ಕಾರ್ಡ್ ಸೇಲ್ 64,380 ರೂಪಾಯಿ. ಬುಧವಾರ ಬ್ಯಾಂಕಿಗೆ ಬಂದದ್ದು 58,540.76. ಓನರ್ ಫೋನಿನ ಮೆಸೇಜ್ ನೋಡಿದ್ರು, ಸಾಫ್ಟ್‌ವೇರ್ ನೋಡಿದ್ರು, ಆಮೇಲೆ ಅಕ್ಕನ ಮುಖ ನೋಡಿದ್ರು. "ಐದು ಸಾವಿರದ ಎಂಟುನೂರು ಎಲ್ಲಮ್ಮ? ಸಂಬಳದಲ್ಲಿ ಹಿಡೀತೀನಿ" ಅಂದ್ರು.

ಈಗ ನನ್ನ ವಾದ ನೇರವಾಗಿ ಹೇಳ್ತೀನಿ. ಬಿಲ್ಲಿಂಗ್ ಟೋಟಲ್ ಮತ್ತು ಬ್ಯಾಂಕ್ ಕ್ರೆಡಿಟ್, ಈ ಎರಡೇ ಅಂಕಿ ಇಟ್ಕೊಂಡು ಯಾರ ಮೇಲೂ ಆರೋಪ ಮಾಡೋ ಹಕ್ಕು ಯಾರಿಗೂ ಇಲ್ಲ. ಅದೇ ಎರಡು ಅಂಕಿಯ ವ್ಯತ್ಯಾಸಾನ ಕಣ್ಣು ಮುಚ್ಚಿ "ಬ್ಯಾಂಕ್ ಚಾರ್ಜಸ್" ಅಂತ ಬರೆಯೋ ಅಕೌಂಟೆಂಟೂ ಅದೇ ತಪ್ಪು ಮಾಡ್ತಿದ್ದಾನೆ. ಒಬ್ಬರು ಜೋರು ಮಾಡ್ತಾರೆ, ಇನ್ನೊಬ್ಬರು ಮುಚ್ಚಿ ಹಾಕ್ತಾರೆ. ಹುಡುಕೋರು ಮಾತ್ರ ಯಾರೂ ಇಲ್ಲ.

5,839.24 ರೂಪಾಯಿ ಎಲ್ಲಿತ್ತು ಅಂತ ಪೈಸೆ ಸಮೇತ ಸಿಕ್ಕಿತು. ಎರಡೂವರೆ ಗಂಟೆ ಹಿಡೀತು. ಹೇಗೆ ಅಂತ ಮುಂದಿನ ಪೋಸ್ಟ್‌ಗಳಲ್ಲಿ.

ಭಾಗ 2/8

ಮೊದಲು ಒಂದು ಮಾತು ತಲೆಗೆ ಹಾಕ್ಕೊಳ್ಳಿ. ಇಲ್ಲಿ ಇರೋದು ಎರಡು ಅಂಕಿ ಅಲ್ಲ, ಮೂರು.

ಒಂದು, ಬಿಲ್ಲಿಂಗ್ ಸಾಫ್ಟ್‌ವೇರಿನ ಕಾರ್ಡ್ ಟೋಟಲ್. ಇದು ಕೌಂಟರಲ್ಲಿ ಕೂತವರು ಬಿಲ್ ಮುಗಿಸುವಾಗ "ಕಾರ್ಡ್" ಬಟನ್ ಒತ್ತಿದ ಲೆಕ್ಕ. ಅಂದ್ರೆ ಮನುಷ್ಯರು ಹೇಳಿದ್ದು.

ಎರಡು, ಸ್ವೈಪಿಂಗ್ ಮಷಿನ್ನಿನ ರಿಪೋರ್ಟ್. ನಿಜವಾಗಿ ಎಷ್ಟು ಕಾರ್ಡ್‌ಗೆ ಅಪ್ರೂವಲ್ ಬಂತು ಅನ್ನೋದು ಇದ್ರಲ್ಲಿ ಮಾತ್ರ ಇರುತ್ತೆ.

ಮೂರು, ಬ್ಯಾಂಕ್ ಕ್ರೆಡಿಟ್. ಮಷಿನ್ ಕೊಟ್ಟ ಬ್ಯಾಂಕು ತನ್ನ ಪಾಲು ಹಿಡ್ಕೊಂಡು ಕಳಿಸಿದ ನಿವ್ವಳ ಮೊತ್ತ.

ಹಾಗಾದ್ರೆ ಗ್ಯಾಪೂ ಒಂದಲ್ಲ, ಎರಡು. ಬಿಲ್ಲಿಂಗ್‌ಗೂ ಮಷಿನ್‌ಗೂ ನಡುವಿನ ಗ್ಯಾಪು ಕೌಂಟರ್‌ದು. ಅದಕ್ಕೆ ಕೌಂಟರಿನವರು ಉತ್ತರ ಹೇಳಬೇಕು, ನ್ಯಾಯ. ಮಷಿನ್‌ಗೂ ಬ್ಯಾಂಕಿಗೂ ನಡುವಿನ ಗ್ಯಾಪಿನಲ್ಲಿ ಕೌಂಟರಿನವರ ಕೈಯೇ ಇಲ್ಲ. ಕಾರ್ಡ್ ಒತ್ತಿ ಅಪ್ರೂವ್ ಆದ ಮೇಲೆ ಆ ದುಡ್ಡು ಗಿರಾಕಿಯ ಬ್ಯಾಂಕಿಂದ ಅಂಗಡಿಯ ಬ್ಯಾಂಕಿಗೆ ಹೋಗುತ್ತೆ. ಅಕ್ಕನ ಗಲ್ಲಾಪೆಟ್ಟಿಗೆ ದಾರೀಲಿ ಬರೋದೇ ಇಲ್ಲ. ಮುಟ್ಟದ ದುಡ್ಡನ್ನ ಕದಿಯೋದು ಹೇಗೆ?

ಮಧ್ಯದ ಅಂಕಿ ಬಿಟ್ಟು ಆಚೆ ಈಚೆಯ ಎರಡನ್ನೇ ಹೋಲಿಸಿದ್ರೆ ಈ ಎರಡು ಗ್ಯಾಪು ಸೇರಿ ಒಂದೇ ಗುಂಡಿ ತರ ಕಾಣುತ್ತೆ. ನಮ್ಮ ಓನರಿಗೆ ಕಂಡದ್ದು ಅದೇ ಗುಂಡಿ.

ಅವತ್ತು ಅಕ್ಕನ ಹತ್ರ ಮಂಗಳವಾರ ರಾತ್ರಿ ತೆಗೆದ ಪ್ರಿಂಟ್ ಇತ್ತು, ಪುಣ್ಯ. ಸುಮಾರು ಮಷಿನ್‌ಗಳಲ್ಲಿ ಸೆಟಲ್‌ಮೆಂಟ್ ಒತ್ತಿದ ಕೂಡಲೇ ಆ ಬ್ಯಾಚಿನ ವಿವರ ಮಷಿನ್‌ನಿಂದ ಅಳಿದು ಹೋಗುತ್ತೆ. ಅದಕ್ಕೇ ಸೆಟಲ್‌ಮೆಂಟ್‌ಗೆ ಮುಂಚೆ ಡೀಟೇಲ್ ರಿಪೋರ್ಟ್ ಪ್ರಿಂಟ್ ತೆಗೀರಿ. ಒಂದು ಮಾರು ಪೇಪರ್ ಖರ್ಚಾದ್ರೂ ಪರವಾಗಿಲ್ಲ, ನಿಮ್ಮ ಸಂಬಳಕ್ಕಿಂತ ಅದು ಅಗ್ಗ.

ಭಾಗ 3/8

ಮೊದಲ ಗ್ಯಾಪು. ಬಿಲ್ಲಿಂಗ್ ಪ್ರಕಾರ ಕಾರ್ಡ್ ಸೇಲ್ 64,380. ಮಂಗಳವಾರ ಮಷಿನ್ನಲ್ಲಿ ಅಪ್ರೂವ್ ಆದ ಎಲ್ಲಾ ಸ್ಲಿಪ್ ಕೂಡಿಸಿದ್ರೆ 62,730. ವ್ಯತ್ಯಾಸ 1,650.

ಇಲ್ಲಿ ಟೋಟಲ್ ನೋಡ್ತಾ ಕೂತ್ರೆ ಏನೂ ಸಿಗಲ್ಲ. ಬಿಲ್ ಪಟ್ಟಿ ಒಂದು ಕಡೆ, ಸ್ಲಿಪ್ ಪಟ್ಟಿ ಒಂದು ಕಡೆ ಇಟ್ಟು, ಮೊತ್ತ ಮತ್ತು ಸಮಯ ನೋಡಿ ಒಂದೊಂದೇ ಟಿಕ್ ಹಾಕ್ತಾ ಹೋಗಬೇಕು. ಕೊನೆಗೆ ಟಿಕ್ ಬೀಳದೆ ಉಳಿದದ್ದು ಒಂದೇ ಬಿಲ್ಲು, ಮಧ್ಯಾಹ್ನದ್ದು, 1,650 ರೂಪಾಯಿ. ಅದಕ್ಕೆ ಕಾರ್ಡ್ ಸ್ಲಿಪ್ಪೇ ಇಲ್ಲ.

ಓನರ್ ಆದ್ರೆ ಇಲ್ಲಿಗೇ ನಿಲ್ಲಿಸಿ "ಸಿಕ್ಕಿಬಿದ್ಲು" ಅಂತಿದ್ರು. ಆದ್ರೆ ಇನ್ನೊಂದು ಹೆಜ್ಜೆ ಬಾಕಿ ಇದೆ. ಅವತ್ತಿನ ಯುಪಿಐ ಪಟ್ಟಿ ತೆಗೆದೆ. ಬಿಲ್ಲಿಂಗ್‌ನ ಯುಪಿಐ ಟೋಟಲ್‌ಗಿಂತ ಆ್ಯಪಿನ ಟೋಟಲ್ ಸರಿಯಾಗಿ 1,650 ಜಾಸ್ತಿ. ಸಮಯ ನೋಡಿದ್ರೆ ಬಿಲ್ಲು ಆದ ಎರಡೇ ನಿಮಿಷಕ್ಕೆ ದುಡ್ಡು ಬಂದಿದೆ. ಗಿರಾಕಿ ಕಾರ್ಡ್ ಅಂತ ಹೇಳಿ ಆಮೇಲೆ ಸ್ಕ್ಯಾನ್ ಮಾಡಿದ್ದಾರೆ, ಅಕ್ಕ ಅಷ್ಟೊತ್ತಿಗೆ ಕಾರ್ಡ್ ಬಟನ್ ಒತ್ತಿಯಾಗಿತ್ತು. ದುಡ್ಡು ಅಂಗಡಿಗೇ ಬಂದಿದೆ, ಬೇರೆ ಬಾಗಿಲಿಂದ.

ಇಲ್ಲಿ ಪ್ರಾಮಾಣಿಕವಾಗಿ ಒಂದು ಮಾತು. ಕೌಂಟರಲ್ಲಿ ಕಳ್ಳತನ ಆಗೋದೇ ಇಲ್ಲ ಅಂತ ನಾನು ಹೇಳ್ತಿಲ್ಲ. ನಗದು ತಗೊಂಡು ಬಿಲ್ಲಿಗೆ "ಕಾರ್ಡ್" ಒತ್ತಿ ನೋಟು ಜೇಬಿಗೆ ಹಾಕಿದ್ರೆ ಅದೂ ಇದೇ ಗ್ಯಾಪಲ್ಲಿ ಕಾಣುತ್ತೆ. ಆದ್ರೆ ಅದು ಕಾಣೋ ರೀತಿ ಬೇರೆ: ಬಿಲ್ಲಿಗೆ ಸ್ಲಿಪ್ ಇರಲ್ಲ, ಯುಪಿಐಯಲ್ಲಿ ಜಾಸ್ತಿ ಇರಲ್ಲ, ಗಲ್ಲಾದಲ್ಲೂ ಜಾಸ್ತಿ ಇರಲ್ಲ. ಮೂರೂ ಕಡೆ ಇಲ್ಲ ಅಂದಾಗ ಪ್ರಶ್ನೆ ಕೇಳಿ. ಅದಕ್ಕೂ ಮುಂಚೆ ಅಲ್ಲ.

ಆಗಲೂ ಇನ್ನೊಂದು ಸಾಧ್ಯತೆ ಉಳಿಯುತ್ತೆ. ಗಿರಾಕಿ ಫೋನಿಗೆ "ಡೆಬಿಟ್ ಆಗಿದೆ" ಅಂತ ಮೆಸೇಜ್ ಬಂದಿರುತ್ತೆ, ಮಷಿನ್ನಲ್ಲಿ ನೆಟ್‌ವರ್ಕ್ ಹೋಗಿ ಸ್ಲಿಪ್ ಬಂದಿರಲ್ಲ. ಪಾಪ ಅಂತ ನೀವು ಸಾಮಾನು ಕೊಟ್ಟು ಕಳಿಸ್ತೀರಿ. ಆರ್‌ಬಿಐ 2019ರ ನಿಯಮದ ಪ್ರಕಾರ ಅಂಥ ದುಡ್ಡು ಐದು ದಿನದೊಳಗೆ ಗಿರಾಕಿಯ ಖಾತೆಗೆ ವಾಪಸ್ ಹೋಗಬೇಕು. ಅಂಗಡಿಗೆ ಬರಲ್ಲ. ಸ್ಲಿಪ್ಪಲ್ಲಿ ಅಪ್ರೂವಲ್ ಕೋಡ್ ಇಲ್ಲ ಅಂದ್ರೆ ಸೇಲ್ ಆಗಿಲ್ಲ, ಗಿರಾಕಿಯ ಮೆಸೇಜ್ ಏನೇ ಹೇಳಲಿ.

ಭಾಗ 4/8

ಈಗ ಎರಡನೇ ಗ್ಯಾಪು. ಮಷಿನ್ 62,730, ಬ್ಯಾಂಕ್ 58,540.76. ಉಳಿದ ವ್ಯತ್ಯಾಸ 4,189.24.

ಮಷಿನ್ ಪ್ರತಿ ಸ್ವೈಪನ್ನೂ ಬಿಡಿಬಿಡಿಯಾಗಿ ಹಣಕ್ಕೆ ಕಳಿಸಲ್ಲ. ಒಂದು ಬ್ಯಾಚ್ ಕಟ್ಟಿ ಕಳಿಸುತ್ತೆ. ಸೆಟಲ್‌ಮೆಂಟ್ ಒತ್ತಿದಾಗ, ಅಥವಾ ರಾತ್ರಿ ತಾನಾಗೇ ಆದಾಗ, ಆ ಬ್ಯಾಚ್ ಮುಚ್ಚುತ್ತೆ. ಬ್ಯಾಂಕು ದುಡ್ಡು ಹಾಕೋದು ಮುಚ್ಚಿದ ಬ್ಯಾಚಿಗೆ. ನಿಮ್ಮ ಅಂಗಡಿಯ "ಮಂಗಳವಾರ" ಅನ್ನೋದು ಬ್ಯಾಂಕಿಗೆ ಗೊತ್ತೇ ಇಲ್ಲ, ಅದಕ್ಕೆ ಗೊತ್ತಿರೋದು ಬ್ಯಾಚ್ ನಂಬರ್.

ಅವತ್ತು ರಾತ್ರಿ 9.15ಕ್ಕೆ ಗಿರಾಕಿ ಇಲ್ಲ ಅಂತ ಸೆಟಲ್‌ಮೆಂಟ್ ಮಾಡಿದ್ರಂತೆ. ಪ್ರಿಂಟ್ ಮೇಲಿನ ಮೊತ್ತ 59,890. ಆಮೇಲೆ ಶಟರ್ ಅರ್ಧ ಇಳಿಸಿದಾಗ ಒಬ್ಬರು ಓಡಿ ಬಂದು ಸೀರೆ ತಗೊಂಡ್ರು, 2,840 ರೂಪಾಯಿ, 9.25ಕ್ಕೆ ಸ್ವೈಪ್. ಬಿಲ್ಲಿಂಗಲ್ಲಿ ಅದು ಮಂಗಳವಾರದ ಸೇಲ್. ಮಷಿನ್ನಲ್ಲಿ ಅದು ಹೊಸ ಬ್ಯಾಚಿನ ಮೊದಲ ಸ್ಲಿಪ್. ಬುಧವಾರ ರಾತ್ರಿ ಆ ಬ್ಯಾಚ್ ಮುಚ್ಚಿದ ಮೇಲೆ ಗುರುವಾರ ದುಡ್ಡು ಬರಬೇಕು.

62,730ರಲ್ಲಿ 2,840 ಕಳೆದ್ರೆ 59,890. ಪ್ರಿಂಟ್‌ಗೆ ಸರಿಹೋಯ್ತು.

ಗುರುತಿಸೋದು ಸುಲಭ. ಸ್ಲಿಪ್ ಮೇಲೆ ಬ್ಯಾಚ್ ನಂಬರ್ ಇರುತ್ತೆ. ಕೊನೆಯ ಒಂದೆರಡು ಸ್ಲಿಪ್ಪಿನ ನಂಬರ್ ಬೇರೆ ಇದ್ರೆ ಅವು ನಾಳೆಯವು. ಶನಿವಾರ, ಭಾನುವಾರ, ಹಬ್ಬದ ರಜೆಯಲ್ಲಿ ಇದೇ ಇನ್ನೂ ದೊಡ್ಡದಾಗಿ ಕಾಣಬಹುದು. ಕೆಲವು ಬ್ಯಾಂಕುಗಳು ಕೆಲಸದ ದಿನ ಮಾತ್ರ ಹಾಕೋದ್ರಿಂದ ಒಂದು ದಿನ ಸೊನ್ನೆ, ಮರುದಿನ ಎರಡು ಮೂರು ದಿನದ್ದು ಒಟ್ಟಿಗೆ.

ಇದಕ್ಕೆ ಪರಿಹಾರ ಒಂದೇ: ಶಟರ್ ಪೂರ್ತಿ ಇಳಿದ ಮೇಲೆ ಸೆಟಲ್‌ಮೆಂಟ್. ಅದಾದ ಮೇಲೆ ಯಾರೇ ಬಂದ್ರೂ ಆ ಸ್ಲಿಪ್ ಬೇರೆ ಎತ್ತಿಡಿ.

ಭಾಗ 5/8

ಈಗ ಬ್ಯಾಂಕ್ ಹಿಡ್ಕೊಂಡದ್ದು: 59,890 ಕಳೆ 58,540.76, ಅಂದ್ರೆ 1,349.24. "ಎರಡು ಪರ್ಸೆಂಟ್ ಹಿಡೀತಾರಪ್ಪ" ಅನ್ನೋ ಬಾಯಿಮಾತಿಗೆ ಇದು ಹೊಂದಲ್ಲ. ಎರಡು ಪರ್ಸೆಂಟ್ ಅಂದ್ರೆ 1,197.80. ಹೆಚ್ಚುಕಮ್ಮಿ ಹತ್ತಿರ ಇದೆ ಅಂತ ಬಿಡೋರೇ ಜಾಸ್ತಿ. ಬಿಡಬೇಡಿ.

ಬ್ಯಾಂಕು ಹಿಡಿಯೋ ಶುಲ್ಕಕ್ಕೆ ಎಂಡಿಆರ್ ಅಂತಾರೆ. ಅದು ಎಲ್ಲಾ ಕಾರ್ಡಿಗೂ ಒಂದೇ ಅಲ್ಲ. ರುಪೇ ಡೆಬಿಟ್ ಕಾರ್ಡಿಗೆ 2020ರ ಜನವರಿ 1ರಿಂದ ಸೊನ್ನೆ. ಬೇರೆ ಡೆಬಿಟ್ ಕಾರ್ಡುಗಳಿಗೆ 2018ರಿಂದ ಆರ್‌ಬಿಐ ಮಿತಿ ಇದೆ: ವರ್ಷದ ವಹಿವಾಟು 20 ಲಕ್ಷದವರೆಗಿನ ಅಂಗಡಿಗೆ ಮಷಿನ್ನಲ್ಲಿ 0.40%, ಅದಕ್ಕಿಂತ ದೊಡ್ಡದಕ್ಕೆ 0.90%. ಕ್ರೆಡಿಟ್ ಕಾರ್ಡಿಗೆ ಅಂಥ ಮಿತಿ ಇಲ್ಲ, ಒಪ್ಪಂದದಲ್ಲಿ ಬರೆದಷ್ಟು. ನಮ್ಮ ಅಂಗಡಿಗೆ 1.80%.

ಇದರ ವಿವರ ಬ್ಯಾಂಕು ಕಳಿಸೋ ಸೆಟಲ್‌ಮೆಂಟ್ ರಿಪೋರ್ಟಲ್ಲಿ ಇರುತ್ತೆ. ಎಂಪಿಆರ್ ಅಂತಲೂ ಕರೀತಾರೆ. ಓನರ್ ಮೇಲ್‌ಗೆ ದಿನಾ ಬರ್ತಿತ್ತು, ಒಂದನ್ನೂ ತೆರೆದಿರಲಿಲ್ಲ. ಅದ್ರಲ್ಲಿ ಸಿಕ್ಕಿದ್ದು:

ರುಪೇ ಡೆಬಿಟ್ 11,250, ಎಂಡಿಆರ್ ಸೊನ್ನೆ.
ಬೇರೆ ಡೆಬಿಟ್ 22,640, ಎಂಡಿಆರ್ 203.76.
ಕ್ರೆಡಿಟ್ 26,000, ಎಂಡಿಆರ್ 468.

ಒಟ್ಟು ಎಂಡಿಆರ್ 671.76. ಇದಕ್ಕೆ 18% ಜಿಎಸ್‌ಟಿ ಸೇರಿಸಿದ್ರೆ 120.92 ಅಂತ ನಾನೂ ಲೆಕ್ಕ ಹಾಕಿದೆ. ರಿಪೋರ್ಟಲ್ಲಿ ಇದ್ದದ್ದು 87.48. ಬ್ಯಾಂಕು 33.44 ಕಡಿಮೆ ಹಿಡಿದಿದೆ! ಕಾರಣ ಹೊಳೆಯೋಕೆ ಅರ್ಧ ಗಂಟೆ ಬೇಕಾಯ್ತು. ಬ್ಯಾಂಕಿನ ಕಾರ್ಡ್ ಸೇವೆಗೆ, ಒಂದು ಸ್ವೈಪ್ 2,000 ರೂಪಾಯಿವರೆಗೆ ಇದ್ರೆ, ಎಂಡಿಆರ್ ಮೇಲೆ ಜಿಎಸ್‌ಟಿ ವಿನಾಯಿತಿ ಇದೆ. ಆ ಸಣ್ಣ ಸ್ವೈಪುಗಳ ಎಂಡಿಆರ್ ಕೂಡಿಸಿದೆ: ಡೆಬಿಟ್ 77.76, ಕ್ರೆಡಿಟ್ 108, ಒಟ್ಟು 185.76. ಅದರ 18% ಎಷ್ಟು? 33.44. ಸರಿಹೋಯ್ತು.

671.76ಕ್ಕೆ 87.48 ಸೇರಿಸಿದ್ರೆ 759.24. ಹಿಡಿದದ್ದು 1,349.24. ಇನ್ನೂ 590 ಉಳೀತು.

ಭಾಗ 6/8

590. ಈ ತರ ದುಂಡು ಅಂಕಿ ಕಂಡಾಗ ಒಂದು ಅಭ್ಯಾಸ ಮಾಡ್ಕೊಳ್ಳಿ: 1.18ರಿಂದ ಭಾಗಿಸಿ. 500 ಬಂತು. ಅಂದ್ರೆ 500 ರೂಪಾಯಿ ಮತ್ತು ಅದರ ಮೇಲೆ 90 ಜಿಎಸ್‌ಟಿ. ಮಷಿನ್ನಿನ ತಿಂಗಳ ಬಾಡಿಗೆ. ನಮ್ಮ ಬ್ಯಾಂಕು ಅದನ್ನ ತಿಂಗಳ ಮೊದಲ ವಾರ ಒಂದು ದಿನದ ಸೆಟಲ್‌ಮೆಂಟಲ್ಲೇ ಮುರ್ಕೊಳ್ಳುತ್ತೆ. ರಿಪೋರ್ಟಿನ ಕೊನೇ ಸಾಲಲ್ಲಿ ಬರೆದೇ ಇತ್ತು.

ಈಗ ಪೂರ್ತಿ ಕೂಡಿಸಿ ನೋಡಿ.

ತಪ್ಪು ಬಟನ್: 1,650
ಲೇಟಾಗಿ ಬಂದ ಸ್ವೈಪ್: 2,840
ಎಂಡಿಆರ್ ಮತ್ತು ಜಿಎಸ್‌ಟಿ: 759.24
ಮಷಿನ್ ಬಾಡಿಗೆ: 590
ಒಟ್ಟು: 5,839.24

ಇದರಲ್ಲಿ ಅಂಗಡಿಗೆ ನಿಜವಾಗಿ ಖರ್ಚಾದದ್ದು ಕೊನೇ ಎರಡು ಸಾಲು ಮಾತ್ರ. 1,650 ಆಗಲೇ ಬ್ಯಾಂಕಲ್ಲಿದೆ. 2,840 ಗುರುವಾರ ಬರುತ್ತೆ. ಅಕ್ಕ ಮಾಡಿದ ತಪ್ಪು ಒಂದೇ, ಒಂದು ಬಟನ್. ಅದರಿಂದ ಅಂಗಡಿಗೆ ಆದ ನಷ್ಟ ಸೊನ್ನೆ. ಅದಕ್ಕೆ ಹಿಡೀತೀನಿ ಅಂದಿದ್ದು ಐದು ಸಾವಿರದ ಎಂಟುನೂರು.

ಅಂದಹಾಗೆ, ಕೆಲಸಗಾರರ ನಿರ್ಲಕ್ಷ್ಯದಿಂದ ನಷ್ಟ ಆಯ್ತು ಅಂತ ಸಂಬಳ ಕಡಿಯಬೇಕಾದ್ರೂ, ಅವರಿಗೆ ವಿವರಣೆ ಕೊಡೋ ಅವಕಾಶ ಮೊದಲು ಕೊಡಬೇಕು ಅಂತ ವೇತನ ಕಾನೂನಲ್ಲೇ ಇದೆ. ಕೌಂಟರ್ ಮುಂದೆ ನಿಂತು ಕೂಗೋದು ವಿವರಣೆ ಕೇಳಿದ ಹಾಗಲ್ಲ.

ಭಾಗ 7/8

ಈಗ ನಮ್ಮವರಿಗೆ, ಬಿಕಾಂನವರಿಗೆ. "ವ್ಯತ್ಯಾಸಾನ ಬ್ಯಾಂಕ್ ಚಾರ್ಜಸ್‌ಗೆ ಹಾಕಿಬಿಡು ಗುರು, ಟ್ಯಾಲಿ ಆದ್ರೆ ಸಾಕು" ಅನ್ನೋರಿಗೆ.

ಹಾಕಿ ನೋಡೋಣ. 5,839.24 ಪೂರ್ತಿ ಖರ್ಚು ಅಂತ ಬರೆದ್ರಿ. ಗುರುವಾರ 2,840 ಜಾಸ್ತಿ ಬಂತು. ಅದನ್ನ ಎಲ್ಲಿ ಹಾಕ್ತೀರಿ? "ಇತರೆ ಆದಾಯ"? ಯುಪಿಐಯಲ್ಲಿ 1,650 ಜಾಸ್ತಿ ಇದೆ, ಅದೂ "ಇತರೆ ಆದಾಯ"? ಇಲ್ಲದ ಖರ್ಚು, ಇಲ್ಲದ ಆದಾಯ, ಎರಡೂ ಪುಸ್ತಕದಲ್ಲಿ. ಜೊತೆಗೆ ಜಿಎಸ್‌ಟಿಯಾಗಿ ಕೊಟ್ಟ 177.48 ರೂಪಾಯಿಯನ್ನೂ ಖರ್ಚಲ್ಲಿ ಹೂತು ಹಾಕಿದ್ರಿ, ಅದರ ಇನ್‌ಪುಟ್ ಕ್ರೆಡಿಟ್ ಹೋಯ್ತು. ದಿನಾ ಹೀಗೆ ಮಾಡೋ ಪುಸ್ತಕದಲ್ಲಿ ಒಂದು ದಿನ ನಿಜವಾದ ಕಳ್ಳತನ ಆದ್ರೆ ಅದೂ ಬ್ಯಾಂಕ್ ಚಾರ್ಜಸ್ ಆಗಿಯೇ ಕೂತ್ಕೊಳ್ಳುತ್ತೆ.

ಇನ್ನೂ ಕೆಲವರು ಬ್ಯಾಂಕಿಗೆ ಬಂದಷ್ಟನ್ನೇ ಸೇಲ್ಸ್ ಅಂತ ಬರೀತಾರೆ. ಅದು ಇನ್ನೂ ಕೆಟ್ಟದ್ದು. ಗಿರಾಕಿಗೆ ಬಿಲ್ ಕೊಟ್ಟದ್ದು ಪೂರ್ತಿ ಮೊತ್ತಕ್ಕೆ, ಜಿಎಸ್‌ಟಿ ಕಟ್ಟಬೇಕಾದ್ದೂ ಅದಕ್ಕೇ. ಎಂಡಿಆರ್ ನಿಮ್ಮ ಖರ್ಚು, ಸೇಲ್ಸಲ್ಲಿ ಕಡಿತ ಅಲ್ಲ.

ಸರಿಯಾದ ದಾರಿ ಕಷ್ಟ ಏನಿಲ್ಲ. "ಕಾರ್ಡ್ ಬಾಕಿ" ಅಂತ ಒಂದು ಲೆಡ್ಜರ್ ತೆರೆಯಿರಿ. ಮಂಗಳವಾರ ಅದಕ್ಕೆ 62,730 ಡೆಬಿಟ್, 1,650 ಯುಪಿಐಗೆ. ಬುಧವಾರ ಬ್ಯಾಂಕ್ 58,540.76, ಎಂಡಿಆರ್ 671.76, ಮಷಿನ್ ಬಾಡಿಗೆ 500, ಇನ್‌ಪುಟ್ ಜಿಎಸ್‌ಟಿ 177.48, ಇವೆಲ್ಲ ಡೆಬಿಟ್. ಕಾರ್ಡ್ ಬಾಕಿ 59,890 ಕ್ರೆಡಿಟ್. ಈಗ ಆ ಲೆಡ್ಜರಲ್ಲಿ ಉಳಿದಿರೋದು ಎಷ್ಟು? 2,840. ಸೀರೆ ತಗೊಂಡವರ ಸ್ಲಿಪ್ಪಿನ ಮೊತ್ತ. ಬಾಕಿ ಉಳಿದ ಅಂಕಿಗೆ ಕೈಲಿ ಹಿಡಿದು ತೋರಿಸೋ ಸ್ಲಿಪ್ ಇದ್ರೆ ಲೆಕ್ಕ ಸರಿ. ಸ್ಲಿಪ್ ಇಲ್ಲದೆ ಒಂದು ಅಂಕಿ ಮೂರು ನಾಲ್ಕು ದಿನ ಅಲ್ಲೇ ಕೂತಿದ್ರೆ ಆಗ ಬ್ಯಾಂಕಿಗೆ ಫೋನ್ ಮಾಡಿ. ಎಂಡಿಆರ್ ಪ್ರತಿ ಸ್ವೈಪಿಗೂ ಬೇರೆ ಬೇರೆ ಲೆಕ್ಕ ಆಗೋದ್ರಿಂದ ಕೆಲವು ಪೈಸೆ ಹೆಚ್ಚುಕಮ್ಮಿ ಆಗಬಹುದು. ಪೈಸೆ ಬಿಡಿ, ರೂಪಾಯಿ ಬಿಡಬೇಡಿ.

ಬ್ಯಾಂಕ್ ಸಮನ್ವಯ ಅಂದ ಕೂಡಲೇ ನಮಗೆ ನೆನಪಾಗೋದು "ಬ್ಯಾಂಕಿಗೆ ಹಾಕಿದ ಚೆಕ್ ಇನ್ನೂ ಜಮಾ ಆಗಿಲ್ಲ". ಈ 2,840 ಅದೇ ತಾನೆ? ಪರೀಕ್ಷೆಯಲ್ಲಿ ಹತ್ತು ಮಾರ್ಕ್ಸ್‌ಗೆ ಮಾಡೋದನ್ನ ಅಂಗಡಿಯಲ್ಲಿ ಯಾಕೆ ಮಾಡಲ್ಲ?

ಭಾಗ 8/8

ಅವತ್ತು ರಾತ್ರಿ ಒಂದೇ ಹಾಳೆಯಲ್ಲಿ ನಾಲ್ಕು ಸಾಲು ಬರೆದು ಓನರ್ ಮುಂದೆ ಇಟ್ಟೆ. ಪಕ್ಕದಲ್ಲಿ ಬಿಲ್ಲು, ಸ್ಲಿಪ್, ರಿಪೋರ್ಟ್. ಎರಡು ಸಲ ಓದಿದ್ರು. "ಹಂಗಾದ್ರೆ ಸರಿ" ಅಂದ್ರು. ಅಷ್ಟೇ. ಅಕ್ಕನಿಗೆ ಏನೂ ಹೇಳಲಿಲ್ಲ. ಗುರುವಾರದ ಕ್ರೆಡಿಟ್ಟಲ್ಲಿ 2,840ರ ಸ್ವೈಪ್ ಬಂದಿತ್ತು.

ಮನೆಗೆ ಹೊರಟಾಗ ಅಕ್ಕ ಇನ್ನೊಂದು ವಿಷಯ ಹೇಳಿದ್ರು. ಎರಡು ತಿಂಗಳ ಹಿಂದೆ ಹೀಗೇ "ಶಾರ್ಟ್" ಅಂತ 1,180 ರೂಪಾಯಿ ಸಂಬಳದಲ್ಲಿ ಹಿಡಿದಿದ್ರಂತೆ. "ಆಗ ನೀನು ಇರ್ಲಿಲ್ಲ ನೋಡು, ನನಗೂ ಕೇಳೋಕೆ ಗೊತ್ತಾಗ್ಲಿಲ್ಲ" ಅಂದ್ರು.

ಆ ದಿನದ ರಿಪೋರ್ಟ್ ಮೇಲಲ್ಲಿ ಇನ್ನೂ ಇತ್ತು. ತೆರೆದೆ. 1,180 ಮೈನಸ್ ಚಿಹ್ನೆಯ ಜೊತೆ ಕೂತಿತ್ತು. ರಿಫಂಡ್. ಗಿರಾಕಿ ಹಿಂದಿನ ವಾರದ ಡ್ರೆಸ್ ವಾಪಸ್ ತಂದಿದ್ರು, ಓನರೇ ಮಷಿನ್ನಲ್ಲಿ ದುಡ್ಡು ವಾಪಸ್ ಕೊಟ್ಟಿದ್ರು. ಬಿಲ್ಲಿಂಗಲ್ಲಿ ಅದು ಬೇರೆ ಕ್ರೆಡಿಟ್ ನೋಟ್ ಆಗಿ ಹೋಗಿತ್ತು, ಅವತ್ತಿನ ಕಾರ್ಡ್ ಸೇಲ್ ಟೋಟಲಲ್ಲಿ ಕಳೆದಿರಲಿಲ್ಲ. ಬ್ಯಾಂಕು ಮಾತ್ರ ಅವತ್ತಿನ ಸೆಟಲ್‌ಮೆಂಟಲ್ಲಿ ಮುರ್ಕೊಂಡಿತ್ತು. ಓನರ್ ಕೈಯಾರೆ ವಾಪಸ್ ಕೊಟ್ಟ ದುಡ್ಡನ್ನ ಅಕ್ಕನ ಸಂಬಳದಿಂದ ತುಂಬಿಸಿಕೊಂಡಿದ್ರು.

ಆ ಹಾಳೆಯನ್ನೂ ಪ್ರಿಂಟ್ ತೆಗೆದು ಟೇಬಲ್ ಮೇಲೆ ಇಟ್ಟಿದ್ದೀನಿ. ಇನ್ನೂ ಉತ್ತರ ಬಂದಿಲ್ಲ. ಈ ತಿಂಗಳ ಸಂಬಳದ ದಿನ ಮತ್ತೆ ಕೇಳ್ತೀನಿ, ಅಕ್ಕನೂ ಜೊತೆಗೆ ಬರ್ತೀನಿ ಅಂದಿದ್ದಾರೆ.

ನೀವು ಕೌಂಟರಲ್ಲಿ ಕೂರೋರಾದ್ರೆ ಇವತ್ತಿಂದ ಮೂರು ಕೆಲಸ ಮಾಡಿ. ಕಾರ್ಡ್ ಬಿಲ್ಲಿನ ಮೇಲೆ ಸ್ಲಿಪ್ಪಿನ ಅಪ್ರೂವಲ್ ಕೋಡ್ ಬರೀರಿ. ಸೆಟಲ್‌ಮೆಂಟ್‌ಗೆ ಮುಂಚೆ ಡೀಟೇಲ್ ರಿಪೋರ್ಟ್ ತೆಗೆದು, ಶಾಖಕ್ಕೆ ಆ ಪೇಪರ್ ಮಾಸಿ ಹೋಗುತ್ತೆ, ಅದಕ್ಕೆ ಫೋಟೋ ಹೊಡೆದಿಡಿ. ಯಾರಾದ್ರೂ "ಕಾರ್ಡಲ್ಲಿ ಶಾರ್ಟ್" ಅಂದ್ರೆ ತಲೆ ತಗ್ಗಿಸಬೇಡಿ, ಒಂದೇ ಪ್ರಶ್ನೆ ಕೇಳಿ: "ಬಿಲ್ಲಿಗೂ ಮಷಿನ್‌ಗೂ ಶಾರ್ಟಾ, ಮಷಿನ್‌ಗೂ ಬ್ಯಾಂಕಿಗೂ ಶಾರ್ಟಾ, ಸಾರ್?"

ನಿಮ್ಮ ಅಂಗಡಿಯಲ್ಲೂ ಹೀಗೆ ಹಿಡಿದಿದ್ರೆ ಕಾಮೆಂಟಲ್ಲಿ ಅಂಗಡಿ ಹೆಸರು ಬೇಡ, ಬರೀ ಮೂರು ಅಂಕಿ ಹಾಕಿ. ಕೂತು ಹುಡುಕೋಣ.

#ಬಿಕಾಂ #ಕೌಂಟರ್‌ಕಥೆ #ಮೂರುಅಂಕಿ